ಭತ್ತದ ತೂಕದ ಚೀಟಿಯಲ್ಲಿ 401 ಕಿಲೋ ತೇವಾಂಶ ಕಡಿತ ಹೇಗೆ ಬಂತು?

ಕಾರಟಗಿ ಮಂಜು

ಎಲ್ಲರಿಗೂ ನಮಸ್ಕಾರ. ಮೊನ್ನೆ ಸೋನಾ ಮಸೂರಿ 100 ಚೀಲ ಮಿಲ್ಲಿಗೆ ಹಾಕಿ ಬಂದೆವು. ಮಿಲ್ಲಿನ ಹೆಸರು ಬೇಡ. ಕಟಾವ್ ಮಷಿನ್ನಿನಿಂದ ನೇರವಾಗಿ ಗೋಣಿಚೀಲಕ್ಕೆ ತುಂಬಿ ಕಳಿಸಿದ್ದು, ಕಣದಲ್ಲಿ ಒಣಗಿಸಲು ಆಗಲಿಲ್ಲ, ಮೋಡ ಇತ್ತು. ಊರಿನ ಮಧ್ಯವರ್ತಿಯೊಬ್ಬರ ಮೂಲಕ ಕೊಟ್ಟಿದ್ದು. ಮಾತಾಡಿದ ಕರಾರು ಇಷ್ಟೇ: ತೇವಾಂಶ 17ರವರೆಗೆ ಕಡಿತ ಇಲ್ಲ, ಆಮೇಲೆ ಪಾಯಿಂಟಿಗೆ 1 ಕಿಲೋ.

ಚೀಟಿಯಲ್ಲಿ ಇರುವುದನ್ನು ಹಾಗೇ ಬರೆಯುತ್ತೇನೆ.

ತುಂಬಿದ ಗಾಡಿ 11,460 ಕಿಲೋ. ಖಾಲಿ ಗಾಡಿ 3,840. ನಿವ್ವಳ 7,620. ಚೀಲದ ತೂಕ 100. ಉಳಿದದ್ದು 7,520. ತೇವಾಂಶ 20.4. ತೇವಾಂಶ ಕಡಿತ 401. ಲೆಕ್ಕಕ್ಕೆ ಹಿಡಿದ ತೂಕ 7,119. ದರ 75 ಕಿಲೋ ಚೀಲಕ್ಕೆ 1,800 ರೂಪಾಯಿ. ಮೊತ್ತ 1,70,856. ಹಮಾಲಿ 2,000, ಕಾಟಾ 100, ಕಮಿಷನ್ 2 ಪರ್ಸೆಂಟ್ 3,417. ಕೈಗೆ ಬರುವುದು 1,65,339.

ನನ್ನ ಪ್ರಶ್ನೆ ಒಂದೇ. 17ರಿಂದ 20.4 ಅಂದರೆ 3.4 ಪಾಯಿಂಟು. ಸರಿ, 4 ಅಂತಲೇ ಇಟ್ಟುಕೊಳ್ಳೋಣ. 7,520ಕ್ಕೆ 4 ಪರ್ಸೆಂಟ್ ಅಂದರೆ 301 ಕಿಲೋ ಆಗಬೇಕಿತ್ತು. 401 ಎಲ್ಲಿಂದ ಬಂತು? ಬರೆಯುವಾಗ 3 ಹೋಗಿ 4 ಆಯಿತೋ ಅಂತ ಅನುಮಾನ. ಫೋನ್ ಮಾಡಿದರೆ "ಕಂಪ್ಯೂಟರ್ ಲೆಕ್ಕ, ತಪ್ಪಾಗಲ್ಲ" ಅಂದರು.

ಎಡದಂಡೆ ರೈತ

ಅಣ್ಣಾ, ತಪ್ಪೂ ಅಲ್ಲ ಏನೂ ಅಲ್ಲ. ಸುಲಿಗೆ. ನಮ್ಮ ಕಡೆ ಇದು ಪ್ರತಿ ಸುಗ್ಗಿಯ ಕಥೆ. ನ್ಯಾಯವಾಗಿ ಒಂದು ಪಾಯಿಂಟ್ ತೇವಕ್ಕೆ ಕ್ವಿಂಟಲಿಗೆ ಒಂದು ಕಿಲೋ ಮಾತ್ರ ಕಡಿಯಬೇಕು. ನೀರು ಒಂದು ಪರ್ಸೆಂಟ್ ಜಾಸ್ತಿ ಇದ್ದರೆ ತೂಕ ಒಂದು ಪರ್ಸೆಂಟ್ ಜಾಸ್ತಿ, ಅಷ್ಟೇ ತಾನೇ? ಅದಕ್ಕಿಂತ ಒಂದು ಗ್ರಾಂ ಹೆಚ್ಚು ತೆಗೆದರೂ ಕಳ್ಳತನ. ಆ ಕಾಟಾ ಕೂಡ ನೋಡಿ, ಎಲ್ಲಾ ಸಂಖ್ಯೆ ಸೊನ್ನೆಯಲ್ಲೇ ಮುಗಿಯುತ್ತಿದೆ. 11,460, 3,840. ನಿಮ್ಮ ಗಾಡಿ ಅಷ್ಟು ಸರಿಯಾಗಿ ಸೊನ್ನೆಗೆ ನಿಲ್ಲುತ್ತದಾ?

ಶರಣಮ್ಮ, ಸಿಂಧನೂರು

ಮಂಜು ಅವರೇ, 401 ಬರೆಯುವಾಗ ಆದ ತಪ್ಪಲ್ಲ. ನಮ್ಮ ಮನೆಯ ಲೆಕ್ಕ ನಾನೇ ಬರೆಯುವುದು, ಇದೇ ಸಂಖ್ಯೆಯಲ್ಲಿ ನಾನೂ ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆ. 7,520ನ್ನು 75ರಿಂದ ಭಾಗಿಸಿ. 100.27 ಚೀಲ ಬರುತ್ತದೆ. ಅದನ್ನು 4ರಿಂದ ಗುಣಿಸಿ. 401.

ಅವರು ಪಾಯಿಂಟಿಗೆ 1 ಕಿಲೋ ಹಿಡಿದದ್ದು ಕ್ವಿಂಟಲಿಗಲ್ಲ, 75 ಕಿಲೋ ಚೀಲಕ್ಕೆ. ನೀವು ಮಾತಾಡುವಾಗ "ಪಾಯಿಂಟಿಗೆ 1 ಕಿಲೋ" ಅಂದಿರಿ. ಯಾವುದಕ್ಕೆ 1 ಕಿಲೋ ಅಂತ ಇಬ್ಬರೂ ಹೇಳಲಿಲ್ಲ. ದರವನ್ನು ಚೀಲದ ಲೆಕ್ಕದಲ್ಲಿ ಮಾತಾಡುತ್ತೇವಲ್ಲ, ಕಡಿತವೂ ಅದರ ಹಿಂದೆಯೇ ಬಂದುಬಿಡುತ್ತದೆ.

ಕಾರಟಗಿ ಮಂಜು

ಅಯ್ಯೋ, ಹೌದಲ್ಲಾ ಅಕ್ಕಾ. ಹಾಗಾದರೆ ಪಾಯಿಂಟಿಗೆ 1 ಪರ್ಸೆಂಟ್ ಅಲ್ಲ, 1.33 ಪರ್ಸೆಂಟ್ ಕಡಿದ ಹಾಗಾಯಿತು. ಎಡದಂಡೆ ಅಣ್ಣ ಹೇಳಿದ್ದೇ ಸರಿ ಅನಿಸುತ್ತಿದೆ.

ಹಳೇ ಗುಮಾಸ್ತ

ನಾನು ಯಾರ್ಡಿನ ದಲ್ಲಾಳಿ ಅಂಗಡಿಯೊಂದರಲ್ಲಿ ಬಹಳ ವರ್ಷ ಪಟ್ಟಿ ಬರೆದವನು. ಈಗ ಮನೆಯಲ್ಲಿದ್ದೇನೆ. ಎಡದಂಡೆಯವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ಸರಿಯಲ್ಲ. ಸಿಟ್ಟಾಗಬೇಡಿ.

ನೂರು ಕಿಲೋ ಭತ್ತ, ತೇವ 20 ಅಂದುಕೊಳ್ಳಿ. ಅದರಲ್ಲಿ ನೀರು 20 ಕಿಲೋ, ನೀರಿಲ್ಲದ ಕಾಳು 80 ಕಿಲೋ. ಕಣದಲ್ಲಿ ಒಣಗಿಸಿ 17ಕ್ಕೆ ತಂದಿರಿ. ಹೋದದ್ದು ನೀರು ಮಾತ್ರ, ಆ 80 ಕಿಲೋ ಹಾಗೆಯೇ ಕೂತಿದೆ. ಆದರೆ ಈಗ ಒಟ್ಟು ರಾಶಿಯಲ್ಲಿ ಅದು ನೂರಕ್ಕೆ 83 ಪಾಲು. ಹಾಗಾದರೆ ರಾಶಿ ಎಷ್ಟು? 80ನ್ನು 0.83ರಿಂದ ಭಾಗಿಸಿದರೆ 96.4 ಕಿಲೋ. ಅಂದರೆ 3 ಪಾಯಿಂಟ್ ಇಳಿಸುವಷ್ಟರಲ್ಲಿ 3 ಕಿಲೋ ಅಲ್ಲ, 3.6 ಕಿಲೋ ಕಮ್ಮಿಯಾಯಿತು. ಪಾಯಿಂಟಿಗೆ 1.2 ಕಿಲೋ. ಇದನ್ನು ಮಿಲ್ಲಿನವರು ಮಾಡುವುದಲ್ಲ, ಬಿಸಿಲು ಮಾಡುವುದು. ನೀವೇ ಒಣಗಿಸಿ ತೂಗಿದರೂ ಇಷ್ಟೇ ಬರುತ್ತದೆ.

ಆದ್ದರಿಂದ ಕ್ವಿಂಟಲಿಗೆ 1 ಕಿಲೋ ಅಂತ ಕರಾರು ಸಿಕ್ಕರೆ ರೈತನಿಗೆ ಸ್ವಲ್ಪ ಲಾಭ. ಮಿಲ್ಲು ಹೆಚ್ಚು ಕೇಳಿದ ಮಾತ್ರಕ್ಕೆ ಕಳ್ಳತನ ಆಗುವುದಿಲ್ಲ. 75 ಕಿಲೋ ಚೀಲಕ್ಕೆ ಇದೇ ಲೆಕ್ಕ ತೆಗೆದರೆ ಪಾಯಿಂಟಿಗೆ 900 ಗ್ರಾಂ. ಅವರು ಹಿಡಿದದ್ದು 1 ಕಿಲೋ. ಚೀಲಕ್ಕೆ ಪಾಯಿಂಟಿಗೆ 100 ಗ್ರಾಂ ಜಾಸ್ತಿ, ಅಷ್ಟು ಮಾತ್ರ ಇಲ್ಲಿ ತಕರಾರು. ನಿಮ್ಮ ಚೀಟಿಯಲ್ಲಿ ಅದಕ್ಕಿಂತ ದೊಡ್ಡ ತೂತು ಬೇರೆ ಇದೆ.

ಮೊದಲನೆಯದು, 3.4 ಹೇಗೆ 4 ಆಯಿತು? ದಶಮಾಂಶ ತೋರಿಸುವ ಮೀಟರ್ ಇಟ್ಟುಕೊಂಡು ಕಡಿಯುವಾಗ ಮಾತ್ರ ಪೂರ್ತಿ ಪಾಯಿಂಟ್ ಹಿಡಿದರೆ ಹೇಗೆ? ಆ 0.6 ಪಾಯಿಂಟ್ ನಿಮ್ಮ ನೂರು ಚೀಲದ ಮೇಲೆ 60 ಕಿಲೋ. ಕಿಲೋಗೆ 24 ರೂಪಾಯಿಯಂತೆ 1,440 ಚಿಲ್ಲರೆ.

ಎರಡನೆಯದಕ್ಕೆ ನಿಮ್ಮಿಂದ ಉತ್ತರ ಬೇಕು. ಭತ್ತವನ್ನು ಚೀಲ ಸಮೇತ ಇಳಿಸಿಕೊಂಡರಾ, ಬಿಚ್ಚಿ ಸುರಿದರಾ? ಸುರಿದಿದ್ದರೆ, ಖಾಲಿ ಗಾಡಿ ತೂಗುವಾಗ ಚೀಲಗಳು ಎಲ್ಲಿದ್ದವು?

ಕಾಟಾದ ಸೊನ್ನೆ ಬಗ್ಗೆ: ಲಾರಿ ತೂಗುವ ದೊಡ್ಡ ಕಾಟಾ ಕಿಲೋ ಕಿಲೋ ಏರುವುದಿಲ್ಲ. 5 ಅಥವಾ 10 ಕಿಲೋ ಹೆಜ್ಜೆಯಲ್ಲಿ ಏರುತ್ತದೆ. ಸೊನ್ನೆಯಲ್ಲಿ ಮುಗಿದದ್ದು ಮೋಸದ ಗುರುತಲ್ಲ. ಅನುಮಾನ ಇದ್ದರೆ ಕಾನೂನು ಮಾಪನ ಇಲಾಖೆಯ ಮುದ್ರೆ, ಪ್ರಮಾಣಪತ್ರ ನೋಡಿ. ಅಂಥ ಕಾಟಾಗಳಿಗೆ 12 ತಿಂಗಳಿಗೊಮ್ಮೆ ಮರುಮುದ್ರೆ ಆಗಬೇಕು.

ರಾಯಚೂರು ಹತ್ತಿ

ನಮಗೂ ಹೀಗೇ ಆಗಿದೆ. ಹತ್ತಿ ಹಾಕಲು ಹೋದಾಗ ತೇವ 11 ಬಂತು. ಸಿಸಿಐ ಖರೀದಿಯಲ್ಲಿ 8ರವರೆಗೆ ಪೂರ್ತಿ ದರ, 12 ದಾಟಿದರೆ ತೆಗೆದುಕೊಳ್ಳುವುದೇ ಇಲ್ಲ. ನಡುವೆ ಇದ್ದರೆ ಪಾಯಿಂಟಿಗೆ ಒಂದು ಪರ್ಸೆಂಟ್ ದರ ಇಳಿಸುತ್ತಾರೆ. ನಮಗೆ 3 ಪರ್ಸೆಂಟ್ ಹೋಯಿತು. ಚೀಲದ ತೂಕ ಏನೂ ಹಿಡಿಯಲಿಲ್ಲ. ನೀವೂ ಚೀಲದ ದುಡ್ಡು ಕೊಡಬೇಡಿ, ಗಟ್ಟಿಯಾಗಿ ಕೇಳಿ.

ಶರಣಮ್ಮ, ಸಿಂಧನೂರು

ಅಣ್ಣಾ, ನಿಮ್ಮ ಹತ್ತಿ ಬಿಡಿಯಾಗಿ ಗಾಡಿಯಲ್ಲಿ ಹೋದದ್ದು, ಚೀಲವೇ ಇರಲಿಲ್ಲ. ಅದಕ್ಕೇ ಹಿಡಿಯಲಿಲ್ಲ. ಅಲ್ಲಿ ಕಡಿದದ್ದು ದರದಲ್ಲಿ, ಇಲ್ಲಿ ತೂಕದಲ್ಲಿ. ಎರಡನ್ನೂ ಕಲಸಬೇಡಿ. ಆದರೆ ನಿಮ್ಮ ಮಾತಿನಿಂದ ಒಂದು ನೆನಪಾಯಿತು. ಮಂಜು, ಹೊಲದಲ್ಲಿ ಮಾತಾಡಿದ ದರವೂ 1,800 ತಾನೇ?

ಮುಂಗಾರು ಮಿತ್ರ

ಇಷ್ಟೆಲ್ಲಾ ತಲೆನೋವು ಯಾಕೆ? ಬೆಂಬಲ ಬೆಲೆ ಕೇಂದ್ರಕ್ಕೆ ಹಾಕಿ. ಫ್ರೂಟ್ಸ್ ಐಡಿ ಮಾಡಿಸಿಕೊಳ್ಳಿ, ಪಹಣಿಯಲ್ಲಿ ಬೆಳೆ ಸರಿಯಾಗಿ ದಾಖಲಾಗಿದೆಯಾ ನೋಡಿಕೊಳ್ಳಿ, ಹಣ ನೇರ ಖಾತೆಗೆ ಬರುತ್ತದೆ. 2024-25ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,300, ಎ ಗ್ರೇಡಿಗೆ 2,320 ಇತ್ತು. 2025-26ಕ್ಕೆ 2,369 ಮತ್ತು 2,389.

ಎಡದಂಡೆ ರೈತ

ಮಿತ್ರರೇ, ಅವರ ಭತ್ತ 20.4 ಇದೆ. ಕೇಂದ್ರದಲ್ಲಿ 17 ದಾಟಿದರೆ ಒಣಗಿಸಿ ತನ್ನಿ ಅಂತ ವಾಪಸ್ ಕಳಿಸುತ್ತಾರೆ. ಇವರ ದರ ಕ್ವಿಂಟಲಿಗೆ 2,400 ಬಿದ್ದಿದೆ. ಅವರು ಕೇಳಿದ್ದು ಎಲ್ಲಿ ಮಾರಬೇಕು ಅಂತ ಅಲ್ಲ, ಮಾರಿ ಆಯಿತು, ಚೀಟಿ ನೋಡಿ ಅಂತ.

ಗುಮಾಸ್ತರೇ, 80, 83ರ ಲೆಕ್ಕ ನಾನು ಪೆನ್ನು ಹಿಡಿದು ಮಾಡಿ ನೋಡಿದೆ. ಹೌದು. ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಆದರೂ 1.33 ಅಂತೂ ಜಾಸ್ತಿಯೇ.

ಕಾರಟಗಿ ಮಂಜು

ಗುಮಾಸ್ತರೇ, ನಾನು ಮಿಲ್ಲಿಗೆ ಹೋಗಿರಲಿಲ್ಲ, ಗಾಡಿ ಜೊತೆ ಹೋದವನು ನನ್ನ ತಮ್ಮ. ಅವನನ್ನು ಕೇಳಿದೆ. ಚೀಲ ಬಿಚ್ಚಿ ಗುಂಡಿಗೆ ಸುರಿದರಂತೆ. ಚೀಲ ನಮ್ಮವು, ಎರಡನೇ ಬೆಳೆಗೂ ಬೇಕು. ಅದಕ್ಕೆ ಅಲ್ಲೇ ಇಪ್ಪತ್ತಿಪ್ಪತ್ತರ ಕಟ್ಟು ಕಟ್ಟಿ ಟ್ರಾಲಿಗೆ ಹಾಕಿಕೊಂಡು, ಆಮೇಲೆ ಕಾಟಾ ಮೇಲೆ ಹತ್ತಿಸಿದನಂತೆ. "ಮತ್ತೆ ಕೆಳಗಿಳಿದು ಚೀಲ ಏರಿಸೋದು ಯಾಕೆ ಅಂತ ಮೊದಲೇ ಏರಿಸಿಬಿಟ್ಟೆ" ಅಂದ.

ಶರಣಮ್ಮಕ್ಕಾ, ದರ ಹೊಲದಲ್ಲಿ 1,850 ಅಂದಿದ್ದರು. ಮಿಲ್ಲಿನಲ್ಲಿ "ಹಸಿ ಇದೆ" ಅಂತ 50 ಇಳಿಸಿದರು. ತಮ್ಮ ಫೋನಿನಲ್ಲಿ ಕೇಳಿದ, ನಾನೇ ಹ್ಞೂಂ ಅಂದೆ.

ಹಳೇ ಗುಮಾಸ್ತ

ಸಿಕ್ಕಿತು ನೋಡಿ. ತುಂಬಿದ ಗಾಡಿಯಲ್ಲೂ ಚೀಲ ಇದ್ದವು, ಖಾಲಿ ಗಾಡಿಯಲ್ಲೂ ಅದೇ ಚೀಲ ಇದ್ದವು. ಒಂದರಿಂದ ಇನ್ನೊಂದು ಕಳೆದಾಗ ಚೀಲದ ತೂಕ ಆಗಲೇ ಹೋಯಿತು. 7,620 ಅನ್ನುವುದು ಬರೀ ಭತ್ತ. ಅದರ ಮೇಲೆ ಮತ್ತೆ 100 ಕಿಲೋ ಕಳೆದದ್ದು ಎರಡನೇ ಸಲ ಕಳೆದ ಹಾಗೆ.

ನಮ್ಮ ಅಂಗಡಿಯಲ್ಲೂ ಇದು ಆಗುತ್ತಿತ್ತು, ಎಲ್ಲಾ ಸಲ ಬೇಕಂತಲೇ ಅಲ್ಲ. ಕಾಟಾದವನು ಒಬ್ಬ, ಪಟ್ಟಿ ಬರೆಯುವವನು ಇನ್ನೊಬ್ಬ. ಕಾಟಾದವನಿಗೆ ಟ್ರಾಲಿಯಲ್ಲಿ ಏನಿದೆ ಅನ್ನುವುದು ಬೇಕಿಲ್ಲ. ಬರೆಯುವವನಿಗೆ ಟ್ರಾಲಿಯೇ ಕಾಣುವುದಿಲ್ಲ, ಚೀಲ 100 ಅಂತ ಕಂಡರೆ 100 ಕಳೆಯುತ್ತಾನೆ.

ಚೀಲಕ್ಕೆ 1 ಕಿಲೋ ಅನ್ನುವುದೂ ಹೆಚ್ಚೇ. 50 ಕಿಲೋ ಧಾನ್ಯದ ಹೊಸ ಸರ್ಕಾರಿ ಗೋಣಿಚೀಲ 580 ಗ್ರಾಂ ಇರುತ್ತದೆ. ನಿಮ್ಮ ಚೀಲ ದೊಡ್ಡದೋ ಹಳೆಯದೋ ಗೊತ್ತಿಲ್ಲ. ಹತ್ತು ಚೀಲ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಒಂದೊಂದೇ ತೂಗಬೇಡಿ. ಪ್ಲಾಸ್ಟಿಕ್ ಚೀಲವಾದರಂತೂ ಕಾಲು ಕಿಲೋ ಕೂಡ ಬರುವುದಿಲ್ಲ, ಅದಕ್ಕೂ 1 ಕಿಲೋ ಹಿಡಿದದ್ದನ್ನು ನೋಡಿದ್ದೇನೆ.

ಈಗ ನೀವು ಇದನ್ನು ತೋರಿಸಬೇಕು, ಬಾಯಿಮಾತು ನಡೆಯುವುದಿಲ್ಲ. ಅದೇ ಟ್ರಾಕ್ಟರು, ಅದೇ ಟ್ರಾಲಿ, ಚೀಲ ಇಲ್ಲದೆ ಖಾಲಿ ತೂಗಿದ ಹಳೆಯ ಚೀಟಿ ಏನಾದರೂ ಮನೆಯಲ್ಲಿ ಇದೆಯಾ?

ಕಾರಟಗಿ ಮಂಜು

ಇದೆ! ಬೇಸಿಗೆ ಬೆಳೆಯದ್ದು, ಬೇರೆ ಕಾಟಾದ್ದು. ಆ ಸಲ ಚೀಲ ಸಮೇತ ಮಾರಿದ್ದೆವು, ಟ್ರಾಲಿ ಪೂರ್ತಿ ಖಾಲಿ. 3,780 ಇದೆ. ಈ ಸಲ 3,840. ಸರಿಯಾಗಿ 60 ಕಿಲೋ ವ್ಯತ್ಯಾಸ. ನಮ್ಮ ಹತ್ತು ಚೀಲ ಈಗಷ್ಟೇ ತೂಗಿದೆ, 5 ಕಿಲೋ 900 ಗ್ರಾಂ. ನೂರಕ್ಕೆ 59. ಕೂದಲೆಳೆಯಷ್ಟೂ ಅನುಮಾನ ಉಳಿಯಲಿಲ್ಲ ಅಲ್ವಾ?

ಸಿರುಗುಪ್ಪ ಟ್ರಾಕ್ಟರ್

ತಡೀರಿ ಮಂಜಣ್ಣ. ನಾನು ಬಾಡಿಗೆಗೆ ಟ್ರಾಕ್ಟರ್ ಓಡಿಸುವವನು. 60 ಕಿಲೋ ಅಂದರೆ ಡ್ರೈವರ್ ಕೂಡ ಆಗಬಹುದು. ನಾನೇ 64 ಇದ್ದೇನೆ. ಒಂದು ಸಲ ಡ್ರೈವರ್ ಸೀಟಿನಲ್ಲಿ ಕೂತಿದ್ದ, ಇನ್ನೊಂದು ಸಲ ಇಳಿದು ಬೀಡಿ ಸೇದುತ್ತಿದ್ದ ಅಂದರೆ ನಿಮ್ಮ ಲೆಕ್ಕ ಅಲ್ಲಿಗೇ ಮುಗಿಯಿತು. ಡೀಸೆಲ್ ಟ್ಯಾಂಕ್ ತುಂಬಿದ್ದರೆ, ಖಾಲಿ ಇದ್ದರೆ ಅದೇ ನಲವತ್ತು ಐವತ್ತು ಕಿಲೋ ಆಚೀಚೆ. ಟ್ರಾಲಿಗೆ ಅಂಟಿದ ಕೆಸರು ಬೇರೆ. ಎರಡು ಬೇರೆ ಬೇರೆ ಕಾಟಾದ ಚೀಟಿ ಇಟ್ಟುಕೊಂಡು 60 ಕಿಲೋ ಸಾಧಿಸಲು ಹೋದರೆ ಮಿಲ್ಲಿನವರು ನಕ್ಕುಬಿಡುತ್ತಾರೆ.

ಮತ್ತೆ ಆ ದಿನ ಎರಡೂ ತೂಕಕ್ಕೂ ನಿಮ್ಮ ತಮ್ಮ ಗಾಡಿ ಮೇಲೇ ಇದ್ದನಾ? ತುಂಬಿದ ತೂಕಕ್ಕೆ ಇಳಿದು, ಖಾಲಿ ತೂಕಕ್ಕೆ ಕೂತಿದ್ದರೆ, ಅವನ ತೂಕದಷ್ಟು ಭತ್ತ ಮಿಲ್ಲಿಗೆ ಪುಕ್ಕಟೆ.

ಶರಣಮ್ಮ, ಸಿಂಧನೂರು

ಟ್ರಾಕ್ಟರಣ್ಣ ಹೇಳಿದ್ದು ನಿಜ. ಹಳೆಯ ಚೀಟಿ ಸಾಕ್ಷಿ ಅಲ್ಲ, ಬರೀ ಸುಳಿವು. ಆದರೆ ಮಿಲ್ಲಿನ ಅಂಗಳದಲ್ಲಿ ಕ್ಯಾಮೆರಾ ಇರುತ್ತದಲ್ಲ. ಕಾಟಾ ಮೇಲೆ ನಿಂತ ಗಾಡಿಯ ಫೋಟೊವನ್ನೇ ಕಂಪ್ಯೂಟರ್ ಹಿಡಿದು ಇಡುವ ಕಾಟಾಗಳೂ ಇವೆ. ಚೀಟಿಯಲ್ಲಿ ಖಾಲಿ ತೂಕದ ಹೊತ್ತು ಇರುತ್ತದೆ. ಆ ಹೊತ್ತಿನ ಫೋಟೊ ನೋಡಿ ಅಂತ ಕೇಳಿ. ಟ್ರಾಲಿಯಲ್ಲಿ ಚೀಲದ ಕಟ್ಟು ಕಂಡರೆ ಮಾತು ಮುಗಿಯಿತು, 60ರ ವಾದವೇ ಬೇಡ.

ಮಿಲ್ಲಿನ ಹುಡುಗ

ಬೇರೆ ಮಿಲ್ಲಿನಲ್ಲಿ ತೇವಾಂಶ ನೋಡುವ ಕೆಲಸ ನನ್ನದು, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. 20 ದಾಟಿದ ಭತ್ತ ರಾಶಿ ಹಾಕಿದರೆ ಒಂದೇ ರಾತ್ರಿಯಲ್ಲಿ ಒಳಗೆ ಬಿಸಿ ಏರುತ್ತದೆ. ಬಣ್ಣ ಕೆಡುತ್ತದೆ, ಅಕ್ಕಿ ಹಳದಿ ತಿರುಗುತ್ತದೆ. ಅವಸರದಲ್ಲಿ ಒಣಗಿಸಿದರೆ ಕಾಳು ಸೀಳಿ ನುಚ್ಚು ಜಾಸ್ತಿ. ಡ್ರೈಯರ್‌ಗೆ ಹೊಟ್ಟು, ಕರೆಂಟು, ಆಳು ಬೇಕು. ಗುಮಾಸ್ತರ ಲೆಕ್ಕ ನೀರಿನದ್ದು ಮಾತ್ರ. ಒಣಗಿಸುವ ಖರ್ಚು ಯಾರು ಕೊಡಬೇಕು? ಆ 100 ಗ್ರಾಂ ಅದಕ್ಕೇ ಅಂತ ನಮ್ಮಲ್ಲಿ ಹಿಡಿಯುತ್ತಾರೆ.

ಎರಡು ಸಲ ಚೀಲ ಕಳೆದದ್ದು ಮಾತ್ರ ತಪ್ಪು, ಅದನ್ನು ನಾನು ಒಪ್ಪುತ್ತೇನೆ.

ಮೀಟರ್ ಬಗ್ಗೆ ಒಂದು ಮಾತು. ಎಷ್ಟು ಚೀಲದಿಂದ ಸ್ಯಾಂಪಲ್ ತೆಗೆದರು? ಬೆಳಗಿನ ಇಬ್ಬನಿಯಲ್ಲಿ ಕೊಯ್ದ ಚೀಲವೂ ಮಧ್ಯಾಹ್ನ ಕೊಯ್ದ ಚೀಲವೂ ಒಂದೇ ಟ್ರಾಲಿಯಲ್ಲಿ ಇದ್ದರೆ ಎರಡು ಪಾಯಿಂಟ್ ವ್ಯತ್ಯಾಸ ಸಾಮಾನ್ಯ. ಮೀಟರ್‌ನಲ್ಲಿ ಬೆಳೆ ಆರಿಸುವ ಬಟನ್ ಇರುತ್ತದೆ. ಭತ್ತಕ್ಕೆ ಬದಲು ಬೇರೆ ಕಾಳಿಗೆ ಇಟ್ಟಿದ್ದರೆ ಸಂಖ್ಯೆಯೇ ಸುಳ್ಳು. ನಾವು ನಾಲ್ಕೈದು ಚೀಲಕ್ಕೆ ಕೊಳವೆ ಚುಚ್ಚಿ, ಕಾಳನ್ನು ಕಲಸಿ, ಮೂರು ಸಲ ಅಳೆದು ಸರಾಸರಿ ಬರೆಯುತ್ತೇವೆ.

ಕಾರಟಗಿ ಮಂಜು

ತಮ್ಮ ಹೇಳುವ ಪ್ರಕಾರ ಹಿಂದಿನ ಬಾಗಿಲ ಹತ್ತಿರದ ಎರಡು ಚೀಲದಿಂದ ತೆಗೆದರಂತೆ, ಒಂದೇ ಸಲ ಅಳೆದರಂತೆ. ಆ ಚೀಲಗಳು ಕೊನೆಗೆ ತುಂಬಿದ್ದು, ಅಂದರೆ ಸಂಜೆ ಕೊಯ್ದದ್ದು. ಹಾಗಾಗಿ ನಮಗೆ ಲಾಭವೇ ಆಗಿರಬಹುದು ಅನಿಸುತ್ತದೆ. ಸುರಿದಾದ ಮೇಲೆ ಯಾರು ಅಳೆಯುತ್ತಾರೆ? ಅದನ್ನು ಬಿಟ್ಟುಬಿಡುತ್ತೇನೆ.

ಎಡದಂಡೆ ರೈತ

ಮಿಲ್ಲಿನ ತಮ್ಮಾ, ಒಣಗಿಸುವ ಖರ್ಚಿಗೆ 100 ಗ್ರಾಂ ಅಂತೀಯ. ಹಾಗಾದರೆ ದರದಲ್ಲಿ 50 ರೂಪಾಯಿ ಇಳಿಸಿದ್ದು ಯಾಕೆ? ಅದಕ್ಕೂ "ಹಸಿ ಇದೆ" ಅಂತಲೇ ಕಾರಣ ಕೊಟ್ಟರಲ್ಲ. ಒಂದೇ ಹಸಿಗೆ ತೂಕದಲ್ಲೂ ಕೊಯ್ಯುವುದು, ದರದಲ್ಲೂ ಕೊಯ್ಯುವುದು. 94.92 ಚೀಲಕ್ಕೆ 50 ಅಂದರೆ 4,746 ರೂಪಾಯಿ. ತೇವಾಂಶದ 401 ಕಿಲೋ ಬಿಟ್ಟರೆ ಇದೇ ಎಲ್ಲಕ್ಕಿಂತ ದೊಡ್ಡ ಕಡಿತ, ಆದರೆ ಚೀಟಿಯಲ್ಲಿ ಕಾಣುವುದೇ ಇಲ್ಲ!

ಮಿಲ್ಲಿನ ಹುಡುಗ

ಅಣ್ಣಾ, ಹೊಲದಲ್ಲಿ ಹೇಳುವ ದರ ಭತ್ತ ನೋಡದೆ ಹೇಳಿದ್ದು. ಬಣ್ಣ, ಜೊಳ್ಳು ಎಲ್ಲಾ ನೋಡಿಯೇ ದರ ನಿಲ್ಲುವುದು. ಮಂಜಣ್ಣ ಫೋನಿನಲ್ಲಿ ಒಪ್ಪಿದ್ದಾರೆ. ಒಪ್ಪಿದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ.

ಎಡದಂಡೆ ರೈತ

ಗಾಡಿ ಮಿಲ್ಲಿನ ಒಳಗೆ ನಿಂತ ಮೇಲೆ ಒಪ್ಪದೆ ಏನು ಮಾಡುತ್ತಾರೆ? 7 ಟನ್ ಭತ್ತ ವಾಪಸ್ ತರುತ್ತಾರಾ?

ಹಳೇ ಗುಮಾಸ್ತ

ಆ 50 ರೂಪಾಯಿ ಜಗಳ ಇಲ್ಲಿ ತೀರುವುದಿಲ್ಲ ಬಿಡಿ. ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಚೀಟಿಗೆ ಬರುತ್ತೇನೆ. ಮಂಜು, ಇದನ್ನು ಹಾಳೆಯ ಮೇಲೆ ಬರೆದುಕೊಂಡು ಹೋಗಿ. ನೀರಿನ ಲೆಕ್ಕ ಮಾತ್ರ, ಚೀಲವನ್ನು ಎರಡನೇ ಸಲ ಕಳೆಯದೆ.

```
7620 × (100 − 20.4) ÷ (100 − 17) = 7308
7308 − 7119 = 189
189 × 24 = 4536
```

189 ಕಿಲೋ, 4,536 ರೂಪಾಯಿ. ಇದು ಎಲ್ಲಿ ಹೋಯಿತು ಅಂತ ಬಿಡಿಸಿ ನೋಡಿದೆ. ಚೀಲ ಎರಡು ಸಲ ಕಳೆದದ್ದರಿಂದ 96 ಕಿಲೋ. 100 ಅಲ್ಲ ಯಾಕೆ ಅಂದರೆ, ಆ 100 ನಿಮ್ಮ ಕಡೆ ಉಳಿದಿದ್ದರೂ ಅದರ ಮೇಲೆ ತೇವದ ಕಡಿತ ಬೀಳುತ್ತಿತ್ತು. 3.4ನ್ನು 4 ಮಾಡಿದ್ದರಿಂದ 60. ಪಾಯಿಂಟಿಗೆ 900 ಗ್ರಾಂ ಬದಲು 1 ಕಿಲೋ ಹಿಡಿದದ್ದರಿಂದ 33. ಮೂರೂ ಸೇರಿದರೆ 189. ನೀವು ಮೊದಲು ಕೂಗಾಡಿದ 401ರಲ್ಲಿ ನಿಜವಾದ ನೀರೇ 300ರ ಮೇಲಿದೆ. ನೀವು ಕೇಳದೇ ಇದ್ದ ಚೀಲದಲ್ಲೇ ಜಾಸ್ತಿ ಹೋಗಿತ್ತು.

ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಬೇಡಿ. ಮೊದಲು ಚೀಲ. ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ. ಅದು ಒಪ್ಪಿದ ಮೇಲೆ 3.4. ಕೊನೆಯ 33 ಕಿಲೋಗೆ ಕರಾರಿನ ಮಾತೇ ಗೊಂದಲ, ಅದು ಸಿಗಲಾರದು.

ಇನ್ನು ಆ ಕಮಿಷನ್. ಎಪಿಎಂಸಿ ಯಾರ್ಡಿನಲ್ಲಿ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನ ಪಟ್ಟಿಯಲ್ಲಿ ಹಿಡಿಯುವ ಹಾಗಿಲ್ಲ. ಮಾರುಕಟ್ಟೆ ಶುಲ್ಕವೂ ಖರೀದಿದಾರನದ್ದೇ. ನಿಮ್ಮದು ಯಾರ್ಡಿನ ಹೊರಗೆ, ನೇರ ಮಿಲ್ಲಿಗೆ ಹೋದ ವ್ಯಾಪಾರ. ಆ 3,417 ಯಾರ ಕಿಸೆಗೆ ಹೋಯಿತು ಅಂತ ಮೊದಲು ತಿಳಿದುಕೊಳ್ಳಿ. ಮಧ್ಯವರ್ತಿ ಮಿಲ್ಲಿನಿಂದಲೂ ತೆಗೆದುಕೊಂಡು ನಿಮ್ಮಿಂದಲೂ ತೆಗೆದುಕೊಂಡಿರಬಹುದು.

ರಾಯಚೂರು ಹತ್ತಿ

ಹಮಾಲಿ 2,000 ಯಾಕೆ ಅಂತ ಯಾರೂ ಕೇಳಲಿಲ್ಲ.

ಶರಣಮ್ಮ, ಸಿಂಧನೂರು

ಚೀಲ ಬಿಚ್ಚಿ ಸುರಿದಿದ್ದಾರೆ, ಚೀಲಕ್ಕೆ 20ರಂತೆ. ಕೆಲಸ ಮಾಡಿದವರಿಗೆ ಕೊಡಬೇಕಲ್ಲ ಅಣ್ಣಾ. ಅದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಕಾರಟಗಿ ಮಂಜು

ಹೋಗಿ ಬಂದೆ. ಹಾಳೆ ಮೇಲೆ ಗುಮಾಸ್ತರ ಲೆಕ್ಕ ಬರೆದುಕೊಂಡೇ ಹೋಗಿದ್ದೆ.

ಲೆಕ್ಕ ನೋಡುವವರು ಮೊದಲು "ಚೀಲಕ್ಕೆ 1 ಕಿಲೋ ಇಲ್ಲಿಯ ಪದ್ಧತಿ" ಅಂದರು. ನಾನು ಹೌದು ಅಂದೆ. ಆಮೇಲೆ ಖಾಲಿ ತೂಕದ ಹೊತ್ತು ತೋರಿಸಿ, ಫೋಟೊ ಇದ್ದರೆ ನೋಡೋಣ ಅಂದೆ. ಕಂಪ್ಯೂಟರಿನಲ್ಲಿ ಇತ್ತು. ಟ್ರಾಲಿಯ ಮುಂದಿನ ಮೂಲೆಯಲ್ಲಿ ಚೀಲದ ಕಟ್ಟುಗಳು, ಅದರ ಮೇಲೆ ನನ್ನ ತಮ್ಮ ಮಲಗಿದ್ದಾನೆ! ಡ್ರೈವರ್ ಸೀಟಿನಲ್ಲಿ ಇದ್ದಾನೆ. ತುಂಬಿದ ಗಾಡಿಯ ಫೋಟೊದಲ್ಲಿ ಡ್ರೈವರ್ ಇದ್ದಾನೆ, ತಮ್ಮ ಇಲ್ಲ. ಕೆಳಗೆ ನಿಂತು ಚೀಟಿ ತೆಗೆದುಕೊಳ್ಳುತ್ತಿದ್ದನಂತೆ.

ಅಲ್ಲಿದ್ದವರೆಲ್ಲಾ ನಕ್ಕರು. ಚೀಲದ 96 ಕಿಲೋಗೆ 2,304 ಆಗುತ್ತಿತ್ತು, 2,300 ಕೊಟ್ಟರು. 3.4ಕ್ಕೆ ಒಪ್ಪಲಿಲ್ಲ. ಅರ್ಧ ದಾಟಿದರೆ ಪೂರ್ತಿ ಪಾಯಿಂಟ್ ಹಿಡಿಯುತ್ತೇವೆ ಅಂದರು. 3.4 ಅರ್ಧ ದಾಟಿಲ್ಲವಲ್ಲ ಅಂದೆ. ಯಜಮಾನರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಕಮಿಷನ್ ಮಿಲ್ಲಿಗೆ ಬಂದಿಲ್ಲವಂತೆ, ಮಧ್ಯವರ್ತಿಗೆ ಹೋಗಿದೆ. ಆತ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲ.

ಸಿರುಗುಪ್ಪ ಟ್ರಾಕ್ಟರ್

ನಾನು ಹೇಳಿದ್ದೆ ಅಲ್ವಾ! ನಿಮ್ಮ ತಮ್ಮ ಎಷ್ಟು ಕಿಲೋ?

ಕಾರಟಗಿ ಮಂಜು

72. ನನ್ನ ಲೆಕ್ಕದಲ್ಲಿ 1,728 ರೂಪಾಯಿ, ತೇವ ಕಳೆದರೆ ಸ್ವಲ್ಪ ಕಮ್ಮಿ. ಅದನ್ನು ಮಿಲ್ಲಿನಲ್ಲಿ ಕೇಳಲು ಬಾಯಿ ಬರಲಿಲ್ಲ. ಫೋಟೊ ನೋಡಿದ್ದೇ ಚೀಲಕ್ಕೆ, ತಪ್ಪು ನಮ್ಮದೇ.

ಶರಣಮ್ಮ, ಸಿಂಧನೂರು

ಹಾಗಾದರೆ ಹಳೆಯ ಚೀಟಿಗಿಂತ ಈ ಸಲ 60 ಅಲ್ಲ, ಚೀಲ 59, ತಮ್ಮ 72 ಸೇರಿ ಸುಮಾರು 130 ಜಾಸ್ತಿ ಬರಬೇಕಿತ್ತು. ಬಂದದ್ದು 60 ಮಾತ್ರ. ಉಳಿದ 70 ಎಲ್ಲಿ?

ಸಿರುಗುಪ್ಪ ಟ್ರಾಕ್ಟರ್

ಹಳೆಯ ಚೀಟಿಯ ದಿನ ಮೇಲೆ ಯಾರು ಮಲಗಿದ್ದರೋ ಯಾರಿಗೆ ಗೊತ್ತು ಅಕ್ಕಾ.

ಕಾರಟಗಿ ಮಂಜು

ಅವನೇ ಇರಬೇಕು. ನಾಳೆ ಊರಿನ ಕಾಟಾದಲ್ಲಿ ಟ್ರಾಕ್ಟರ್, ಟ್ರಾಲಿ ಬರೀ ಖಾಲಿ ತೂಗಿಸಿ, ಡ್ರೈವರ್ ಇಳಿಸಿ, ಒಂದು ಚೀಟಿ ಮಾಡಿಸಿ ಲ್ಯಾಮಿನೇಷನ್ ಹಾಕಿಸುತ್ತೇನೆ.

ಸಿರುಗುಪ್ಪ ಟ್ರಾಕ್ಟರ್

ಹಾಕಿಸಿ. ಆದರೆ ಟ್ರಾಲಿಗೆ ಹೊಸ ಟೈರ್ ಹಾಕಿಸಿದ ದಿನ ಮತ್ತೆ ತೂಗಿಸಬೇಕು, ಈಗಲೇ ಹೇಳಿದ್ದೇನೆ.